ಬೋಂಡಾ ಕಟ್ಟೋಕೆ ಹೋಗದ ವಿದಾಯ ಪತ್ರ: ನನ್ನ ಅನುಭವ

ಎರಡು ವರ್ಷದ ಹಿಂದೆ ನಮ್ಮ ಸಂಘದಲ್ಲಿ ಹಿರಿಯರೊಬ್ಬರು ನಿವೃತ್ತರಾದರು. ಬೀಳ್ಕೊಡುಗೆ ದಿನ ಎಲ್ಲರಿಗೂ ನಾಲ್ಕು ಪುಟದ ವಿದಾಯ ಪತ್ರ ಹಂಚಿದರು. ದಪ್ಪ ಕಾಗದ, ಬಣ್ಣದ ಅಂಚು, ಮೇಲೆ ಅವರ ಫೋಟೋ. ಪಾಪ, ದುಡ್ಡು ಚೆನ್ನಾಗಿಯೇ ಖರ್ಚಾಗಿರಬೇಕು. ಅವತ್ತು ತಿಂಡಿಗೆ ಕೇಸರಿಬಾತು, ಮೆಣಸಿನಕಾಯಿ ಬೋಂಡಾ. ನನ್ನ ಪಾಲಿನ ಬೋಂಡಾವನ್ನು ಮೊಮ್ಮಗನಿಗೆ ಅಂತ ಕಟ್ಟಿಕೊಂಡೆ. ಯಾವುದರಲ್ಲಿ ಕಟ್ಟಿದ್ದೆ ಅಂತ ಮನೆಗೆ ಹೋಗಿ ಬಿಚ್ಚಿದಾಗ ಗೊತ್ತಾಯಿತು. ಎಣ್ಣೆ ಕುಡಿದ ಕಾಗದದ ಮೇಲಿಂದ ಅವರು ನನ್ನನ್ನೇ ನೋಡುತ್ತಿದ್ದರು.

ನಾಚಿಕೆ ಆಯಿತು. ಆದರೆ ಆಮೇಲೆ ಕೂತು ಆ ಪತ್ರ ಓದಿದಾಗ ತಪ್ಪು ನನ್ನದೊಂದೇ ಅಲ್ಲ ಅನ್ನಿಸಿತು. ನಾಲ್ಕು ಪುಟದಲ್ಲಿ ನಮ್ಮ ಸಂಘದ ವಾಸನೆಯೇ ಇರಲಿಲ್ಲ. ಹೆಸರು ಬದಲಿಸಿದರೆ ಬ್ಯಾಂಕಿಗೂ ಆಗುತ್ತಿತ್ತು, ಬಸ್ ಡಿಪೋಗೂ ಆಗುತ್ತಿತ್ತು. ನನ್ನ ಸರದಿ ಬಂದಾಗ ಬೇರೆ ಥರ ಬರೀಬೇಕು ಅಂತ ಅವತ್ತೇ ಅಂದುಕೊಂಡೆ.

ನಾನು ಇದ್ದದ್ದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ. 1987ರ ನವೆಂಬರ್ 1ಕ್ಕೆ ತೂಕದ ಗುಮಾಸ್ತನಾಗಿ ಸೇರಿದೆ. ಸಂಬಳ ನಾನೂರ ಐವತ್ತೋ ಏನೋ. ಆಮೇಲೆ ಗೋದಾಮು, ಆಮೇಲೆ ಮಂಡಿ ವಿಭಾಗ. ನಿವೃತ್ತಿ 2025ರ ಮೇ 31ಕ್ಕೆ. ನಮ್ಮ ಕಾಲದ ಮೇಷ್ಟ್ರುಗಳು ಶಾಲೆಗೆ ಸೇರಿಸಿಕೊಳ್ಳುವಾಗ ಎಲ್ಲರಿಗೂ ಜೂನ್ 1 ಅಂತ ಜನ್ಮದಿನ ಬರೆದುಬಿಡುತ್ತಿದ್ದರು. ಹಾಗಾಗಿ ಮೇ ಕೊನೆಗೆ ಹೊರಗೆ ಬೀಳುವವರು ನಾನೊಬ್ಬನೇ ಅಲ್ಲ, ಊರಿಡೀ ಇದ್ದಾರೆ.

ಪತ್ರದ ವಿಷಯ ಹೇಳಿದಾಗ ನಮ್ಮ ಮ್ಯಾನೇಜರ್ ನಕ್ಕರು. "ಯಾರು ಓದ್ತಾರೆ ಮಾರಾಯ್ರೆ? ಗ್ರೂಪಲ್ಲಿ ಕೈ ಮುಗಿಯೋ ಚಿತ್ರ ಹಾಕಿ, ಸಾಕು." ಮಗಳೂ ಅದನ್ನೇ ಹೇಳಿದಳು, ಸ್ವಲ್ಪ ಮೆತ್ತಗೆ. ಈಗ ಆ ಪತ್ರ ಎರಡನೇ ಗೋದಾಮಿನ ಗೋಡೆಯ ಮೇಲಿದೆ. ನಿವೃತ್ತಿ ಹತ್ತಿರ ಬಂದ ಮೂರು ನಾಲ್ಕು ಜನ, ಬೇರೆ ಸಂಘದವರೂ, ಫೋನ್ ಮಾಡಿ ಹೇಗೆ ಬರೆದಿರಿ ಅಂತ ಕೇಳಿದ್ದಾರೆ. ಎಲ್ಲರಿಗೂ ಫೋನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಇದು.

ಮೊದಲ ಪೆಟ್ಟು ಬಿದ್ದದ್ದು ಬರೆಯೋಕೆ ಕೂರುವ ಮೊದಲೇ. ಇಡೀ ಸಂಸ್ಥೆಗೆ ಬರೆಯೋದು ಅಂದರೆ ಯಾರಿಗೆ? ಸಂಬಳದ ಪಟ್ಟಿ ನೋಡಿದರೆ ಎಪ್ಪತ್ತು ಚಿಲ್ಲರೆ ಜನ. ಆದರೆ ಹಮಾಲರು ಆ ಪಟ್ಟಿಯಲ್ಲಿಲ್ಲ. ಅಡಿಕೆ ಆರಿಸುವ ಹೆಂಗಸರು ದಿನಗೂಲಿ, ಅವರೂ ಇಲ್ಲ. ಲಾರಿಯವರು ಬಾಡಿಗೆ ಲೆಕ್ಕ. ನಿರ್ದೇಶಕರು ಸಂಬಳದವರೇ ಅಲ್ಲ. ಇವರನ್ನೆಲ್ಲ ಬಿಟ್ಟರೆ ನಾನು ಮೂವತ್ತೇಳು ವರ್ಷ ಯಾರ ಜೊತೆ ಕೆಲಸ ಮಾಡಿದೆ ಹಾಗಾದರೆ? ಸದಸ್ಯರನ್ನು ಸೇರಿಸೋಣ ಅಂದರೆ ಅವರು ಸಾವಿರಾರು ಜನ, ಅಂಚೆ ಖರ್ಚಿಗೆ ನನ್ನ ಪಿಎಫ್ ಒಡೆಯಬೇಕು.

ದಾರಿ ತೋರಿಸಿದ್ದು ನಮ್ಮಲ್ಲಿ ಕಾಫಿ ಮಾಡುವ ಅಮ್ಮ. ಆಯುಧಪೂಜೆಗೆ ಮಂಡಕ್ಕಿ ಪೊಟ್ಟಣ ಕಟ್ಟುವುದು ಅವರೇ. ಯಾರಿಗೆ ಕೊಟ್ಟಾಯಿತು, ಯಾರಿಗೆ ಬಾಕಿ ಅಂತ ಹಳೇ ನೋಟ್ ಬುಕ್ಕಲ್ಲಿ ಗೀಟು ಹಾಕಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಹಮಾಲರಿದ್ದರು, ಆರಿಸುವ ಹೆಂಗಸರಿದ್ದರು, ನಾಲ್ಕು ಶಾಖೆಯವರೂ ಇದ್ದರು, ರಾತ್ರಿ ಕಾವಲಿನವರ ಹೆಂಡತಿಯೂ ಇದ್ದರು. ಒಟ್ಟು 212 ಪೊಟ್ಟಣ. ಆಯುಧಪೂಜೆ ಮಂಡಕ್ಕಿ ಯಾರಿಗೆ ಸಲ್ಲುತ್ತದೋ ಅವರೇ ಸಂಸ್ಥೆ. ಇದಕ್ಕಿಂತ ಸರಿಯಾದ ಪಟ್ಟಿ ಆಡಳಿತ ಮಂಡಳಿ ಹತ್ತಿರವೂ ಇಲ್ಲ. ಆ ಪುಸ್ತಕದ ಫೋಟೋ ತೆಗೆದುಕೊಂಡೆ. ಕಾಫಿ ಅಮ್ಮನಿಗೆ ಯಾಕೆ ಅಂತ ಹೇಳಲಿಲ್ಲ.

ಇನ್ನು ಬರೆದದ್ದು. ಮೊದಲನೇ ಕರಡು ದೀಪಾವಳಿ ರಜೆಯಲ್ಲಿ ಆಯಿತು. ಹನ್ನೊಂದು ಪುಟ. ಎಲ್ಲರ ಹಾಗೆ ನಾನೂ ಕೃತಜ್ಞತೆಗೆ ಹೆಸರುಗಳನ್ನು ಪೋಣಿಸಿದ್ದೆ. ತೊಂಬತ್ತಕ್ಕೂ ಜಾಸ್ತಿ ಹೆಸರು ಇದ್ದವು. ಬಹಳ ಹೆಮ್ಮೆಯಿಂದ ಹೆಂಡತಿಗೆ ಓದಲು ಕೊಟ್ಟೆ. ಅವಳು ಪೂರ್ತಿ ಓದಿ, "ಜೀಪಿನ ಡ್ರೈವರ್ ಹೆಸರೇ ಇಲ್ವಲ್ರೀ" ಅಂದಳು. ನನಗೆ ಎದೆ ನೋವು ಬಂದ ರಾತ್ರಿ ಮಳೆಯಲ್ಲಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಮುಟ್ಟಿಸಿದವನು ಅವನು. ಅವನನ್ನೇ ಮರೆತಿದ್ದೆ. ನಿರ್ದೇಶಕರ ಹೆಸರು ಮಾತ್ರ ಹುದ್ದೆ ಸಮೇತ ಸರಿಯಾಗಿ ಇದ್ದವು!

ಡ್ರೈವರ್ ಹೆಸರು ಸೇರಿಸಿದೆ. ಮರುದಿನ ಇನ್ನಿಬ್ಬರು ನೆನಪಾದರು. ಅದರ ಮರುದಿನ ಇನ್ನೊಬ್ಬರು. ಇದು ಸೋರುವ ಮಾಡಿಗೆ ಹಂಚು ತುರುಕಿದ ಹಾಗೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಹನಿ. ಹೆಸರಿನ ಪಟ್ಟಿ ಇರುವ ಪತ್ರವನ್ನು ಜನ ಹೇಗೆ ಓದುತ್ತಾರೆ ಅಂತ ಗಮನಿಸಿದ್ದೀರಾ? ಮೊದಲು ತಮ್ಮ ಹೆಸರು ಹುಡುಕುತ್ತಾರೆ. ಸಿಕ್ಕರೆ ಯಾರ ಹಿಂದೆ ಯಾರ ಮುಂದೆ ಅಂತ ನೋಡುತ್ತಾರೆ. ಸಿಗದಿದ್ದರೆ ಅಲ್ಲಿಗೇ ಮಡಚುತ್ತಾರೆ. ಎರಡರಲ್ಲೂ ಪತ್ರ ಓದುವುದಿಲ್ಲ.

ಎರಡನೇ ಕರಡಿಗೆ ಬೇರೆ ಕಥೆ. ಫೆಬ್ರವರಿಯಲ್ಲಿ ನನ್ನ ಗ್ರಾಚ್ಯುಟಿ ಲೆಕ್ಕದ ಹಾಳೆ ಕೈಗೆ ಬಂತು. ಅದರಲ್ಲಿ ಸೇವೆ 37 ವರ್ಷ ಅಂತ ಹಾಕಿದ್ದರು. ನನ್ನದು 37 ವರ್ಷ 7 ತಿಂಗಳು. ಆರು ತಿಂಗಳಿಗಿಂತ ಜಾಸ್ತಿ ಆದರೆ ಅದನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು, ಕಾಯ್ದೆಯಲ್ಲೇ ಇದೆ. ಮೂಲ ವೇತನ ಮತ್ತು ಡಿಎ ಸೇರಿ ಹತ್ತಿರ ಹತ್ತಿರ 48,000. ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ಒಂದು ವರ್ಷಕ್ಕೆ 27,692 ರೂಪಾಯಿ. ಒಂದು ವರ್ಷ ಬಿಟ್ಟರೆ ಅಷ್ಟು ಹೋಯಿತು. ಮೂವತ್ತೇಳು ವರ್ಷ ತೂಕದಲ್ಲಿ ನೂರು ಗ್ರಾಂ ಬಿಡದವನಿಗೆ ಇದು ತಡೆಯುವ ಮಾತಾ?

ರಾತ್ರಿ ಕೂತು ಪತ್ರದಲ್ಲಿ ಅದನ್ನೇ ಬರೆದೆ. ಒಂದೂವರೆ ಪುಟ. ಕೈ ತಾನಾಗಿ ಓಡಿತು. ಹಳೇ ಬಡ್ತಿ ತಪ್ಪಿದ್ದು, ಒಂದು ವರ್ಷ ಬೋನಸ್ ತಡವಾದದ್ದು, ಎಲ್ಲ ಬಂದವು. ಓದಿದರೆ ಬಹಳ ಚೆನ್ನಾಗಿದೆ ಅನ್ನಿಸಿತು. ಒಂದು ವಾರ ಬಿಟ್ಟು ಓದಿದೆ. ಆಗ ಕಾಣಿಸಿತು, ಆರಿಸುವ ಹೆಂಗಸರಿಗೆ ಗ್ರಾಚ್ಯುಟಿಯೇ ಇಲ್ಲ. ಅವರ ಮುಂದೆ ನಿಂತು ನನ್ನ ಹತ್ತು ಲಕ್ಷದಲ್ಲಿ ಇಪ್ಪತ್ತೇಳು ಸಾವಿರ ಕಮ್ಮಿ ಬಂತು ಅಂತ ಅಳುತ್ತಿದ್ದೆ.

ಆ ಒಂದೂವರೆ ಪುಟ ಹರಿದು ಒಲೆಗೆ ಹಾಕಿದೆ. ಬದಲಿಗೆ ಕಾರ್ಯದರ್ಶಿಯವರಿಗೆ ಏಳು ಸಾಲಿನ ಅರ್ಜಿ ಬರೆದೆ. ಸೇರಿದ ದಿನಾಂಕ, ಬಿಡುವ ದಿನಾಂಕ, ಲೆಕ್ಕ, ಅಷ್ಟೇ. ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಹದಿನೈದು ಇಪ್ಪತ್ತು ದಿನದಲ್ಲಿ 38 ವರ್ಷ ಅಂತ ತಿದ್ದಿದ ಹಾಳೆ ಬಂತು. ದೂರಿಗೆ ಉತ್ತರ ಕೊಡಬೇಕಾದವರು ಒಬ್ಬರು ಇರುತ್ತಾರೆ, ಅದು ಅವರಿಗೇ ಹೋಗಬೇಕು. 212 ಜನರಿಗೆ ಬರೆದ ದೂರಿಗೆ ಯಾರೂ ಉತ್ತರ ಕೊಡೋದಿಲ್ಲ, ಸುಮ್ನೆ ಕಾಫಿಗೆ ನೆಂಜಿಕೊಳ್ಳುತ್ತಾರೆ. ಇನ್ನೊಂದು, ಲೆಕ್ಕ ಸರಿಯಾಗುವವರೆಗೆ ಅಂತಿಮ ಪ್ರತಿ ಬರೆಯಬೇಡಿ. ಆ ದಿನಗಳಲ್ಲಿ ನಾನು ಬರೆದ ಒಳ್ಳೇ ಮಾತಿನಲ್ಲೂ ಹುಳಿ ಇತ್ತು.

ಮಧ್ಯೆ ಒಂದು ಹುಚ್ಚಾಟವೂ ಆಯಿತು. ನನಗೆ ಯಕ್ಷಗಾನದ ಚಟ. ಪತ್ರವನ್ನು ಪ್ರಸಂಗದ ಪದ್ಯದ ಹಾಗೆ ಬರೆದರೆ ಹೇಗೆ ಅಂತ ಹತ್ತು ಹದಿನೈದು ಪದ್ಯ ಕಟ್ಟಿದೆ. ಅಡಿಕೆಯ ದರ್ಜೆಗಳೇ ಪಾತ್ರಗಳು: ರಾಶಿ ಇಡಿ ಒಡ್ಡೋಲಗಕ್ಕೆ ಬರುತ್ತಾನೆ, ಬೆಟ್ಟೆ ಅವನ ತಮ್ಮ, ಗೊರಬಲು ಹಾಸ್ಯಗಾರ. ಭಾಗವತಿಕೆ ಮಾಡುವ ಗೆಳೆಯನ ಹತ್ತಿರ ಹಾಡಿಸಿ ಫೋನಲ್ಲಿ ರೆಕಾರ್ಡ್ ಮಾಡಿದೆ. ಒಂಬತ್ತು ನಿಮಿಷ ಆಯಿತು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ಕೊನೆಗೆ ನಾನು ಹೇಳಬೇಕಾದದ್ದು ಏನು ಅಂತ ಯಾರನ್ನು ಕೇಳಿದರೂ ಗೊರಬಲಿನ ಮಾತು ಬಿಟ್ಟು ಬೇರೆ ನೆನಪಿರಲಿಲ್ಲ. ಆ ರೆಕಾರ್ಡ್ ಇನ್ನೂ ಇದೆ. ಮೊಮ್ಮಗ ಊಟ ಮಾಡದಿದ್ದರೆ ಹಾಕುತ್ತೇವೆ.

ಕೊನೆಗೆ ಹಿಡಿದ ದಾರಿ ಇದು. ಹೆಸರು ಒಂದೂ ಬೇಡ. ಬದುಕಿರುವವರದ್ದೂ ಬೇಡ, ತೀರಿಕೊಂಡವರದ್ದೂ ಬೇಡ, ಅಧ್ಯಕ್ಷರದ್ದೂ ಬೇಡ. ಅದರ ಬದಲು ಕೆಲಸ ಬರೆಯುವುದು. ಒಬ್ಬೊಬ್ಬರು ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು. ಸಂಘದ ಹಳೇ ಡೈರಿಯೊಂದನ್ನು ಕಿಸೆಯಲ್ಲಿ ಇಟ್ಟುಕೊಂಡೆ. ನೆನಪಾದಾಗ, ಕಂಡಾಗ ಒಂದು ಸಾಲು. ಮೂರು ತಿಂಗಳು ಹಾಗೆ ಮಾಡಿದೆ.

ಸಾಲು ಆರಿಸೋಕೆ ನನ್ನದೊಂದು ಪರೀಕ್ಷೆ ಇತ್ತು. ಈ ಮಾತು ಬೇರೆಯವರಿಗೂ ಹೊಂದುತ್ತದಾ? ಹೊಂದಿದರೆ ಹೊಡೆದು ಹಾಕು. ಪ್ರಾಮಾಣಿಕವಾಗಿ ದುಡಿದರು, ನಗುಮುಖದಿಂದ ಮಾತಾಡಿದರು, ಇವೆಲ್ಲ ಹೋದವು. ಉಳಿದವು ಇಂಥವು:

"ಚೀಲದ ಬಾಯಿ ಹೊಲಿಯುವಾಗ ದಾರ ತುಂಡಾದರೆ ಬಿಸಾಡದೆ ಕಿಸೆಗೆ ಹಾಕಿಕೊಂಡು, ಸಂಜೆ ಅವೇ ತುಂಡುಗಳಿಗೆ ಗಂಟು ಹಾಕಿ ಇನ್ನೊಂದು ಚೀಲ ಹೊಲಿದವರಿಗೆ."

"ಗೊರಬಲಿನ ರಾಶಿಯಲ್ಲಿ ಸೇರಿಕೊಂಡ ಒಂದೇ ಒಂದು ಬೆಟ್ಟೆಯನ್ನು, ಪಕ್ಕದವರ ಜೊತೆ ಮಾತಾಡುತ್ತಲೇ, ಕಣ್ಣು ಹಾಕದೆ ಬೆರಳಲ್ಲೇ ಹಿಡಿದವರಿಗೆ."

"ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನೂ ಹಿಂದೆ ಮಲಗಿದ್ದವನಿಗೆ ಗೊತ್ತಾಗದ ಹಾಗೆ ಇಳಿಸಿದವರಿಗೆ."

ನಮಸ್ಕಾರ ಅನ್ನುವ ಪದ ಪತ್ರದ ಕೊನೆಗೆ ಒಂದೇ ಸಲ. ಪ್ರತಿ ಸಾಲೂ ಅದಕ್ಕೆ ಹೋಗಿ ಸೇರುತ್ತದೆ.

212 ಜನಕ್ಕೆ 212 ಸಾಲು ಬರೆದರೆ ಮತ್ತೆ ಹನ್ನೊಂದು ಪುಟ ಆಗುತ್ತಿತ್ತು. ಆರಿಸುವ ಹೆಂಗಸರು ನಲವತ್ತೈದು ನಲವತ್ತಾರು ಜನ. ಅವರಿಗೆ ಎಲ್ಲರೂ ಸೇರಿ ಮಾಡುವ ಒಂದು ಕೆಲಸದ ಸಾಲು, ಜೊತೆಗೆ ಒಬ್ಬರೇ ಮಾಡುವ ಎರಡು ಮೂರು ಸಾಲು. ಹೀಗೆ ಒಟ್ಟು ಮೂವತ್ತೊಂದು ಸಾಲಿಗೆ ಇಳಿಸಿದೆ. ಆಮೇಲೆ ಮಂಡಕ್ಕಿ ಪಟ್ಟಿ ತೆಗೆದು, ಒಬ್ಬೊಬ್ಬರ ಹೆಸರಿನ ಮುಂದೆ ಯಾವ ಸಾಲು ಅವರದ್ದು ಅಂತ ಸಂಖ್ಯೆ ಹಾಕುತ್ತಾ ಹೋದೆ. ಹದಿನೇಳು ಜನರ ಮುಂದೆ ಏನೂ ಬರಲಿಲ್ಲ. ಹೆಚ್ಚಿನವರು ಹೊಸ ಹುಡುಗರು, ದೂರದ ಶಾಖೆಯವರು. ಅವರ ಮುಖವೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಸುಳ್ಳು ಬರೆಯೋಕೆ ಮನಸ್ಸಾಗಲಿಲ್ಲ. ಎರಡು ರಜೆ ಹಾಕಿ ಬಸ್ಸಲ್ಲಿ ಎರಡು ಶಾಖೆಗೆ ಹೋಗಿ ಬಂದೆ. ಬಸ್ಸು, ಊಟ ಎಲ್ಲ ಸೇರಿ ಐನೂರರ ಒಳಗೆ. ಏನೋ ಹಳೇ ಕಡತ ನೋಡುವ ನೆಪ ಹೇಳಿ ಅರ್ಧ ದಿನ ಕೂತೆ. ಒಬ್ಬ ಹುಡುಗ ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ ತೂಗಿ ಕೊಡುವಾಗ, ಸುಣ್ಣ ಎಷ್ಟು, ನೀರು ಎಷ್ಟು, ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಅಂತ ಪೊಟ್ಟಣದ ಮೇಲೇ ಪೆನ್ಸಿಲಲ್ಲಿ ಬರೆದು ಕೊಡುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಒಂದು ಸಾಲು ಸಿಕ್ಕಿತು.

ನನ್ನ ಜೊತೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಒಬ್ಬರೂ ಆ ಪಟ್ಟಿಯಲ್ಲಿದ್ದರು. ಅವರಿಗೂ ಒಂದು ಸಾಲು ಬರೆದೆ, ಅದು ಕೆಲಸವನ್ನೂ ಮಾಡಿತು. ಅದನ್ನು ಹೇಗೆ ಬರೆದೆ ಅಂತ ಮಾತ್ರ ಇಲ್ಲಿ ಹೇಳೋದಿಲ್ಲ. ಅದು ನಮ್ಮಿಬ್ಬರ ನಡುವೆ ಇರಲಿ.

ಈ ಕ್ರಮದಲ್ಲೂ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಲೆಕ್ಕದ ವಿಭಾಗದ ಒಬ್ಬರ ಬಗ್ಗೆ, ಊಟದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ, ಎದ್ದ ಕೂಡಲೇ ಬಿಟ್ಟ ಅಂಕಿಯಿಂದಲೇ ಕೂಡಿಸುವುದನ್ನು ಮುಂದುವರಿಸಿದವರಿಗೆ ಅಂತ ಬರೆದಿದ್ದೆ. ನನ್ನ ಮನಸ್ಸಲ್ಲಿ ಅದು ಹೊಗಳಿಕೆ. ಆದರೆ ಪತ್ರ ನಿರ್ದೇಶಕರ ಕೈಗೂ ಹೋಗುತ್ತದೆ ಅಲ್ವಾ? ಲೆಕ್ಕದವರು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ನಾನೇ ಹೋಗಿ ತಪ್ಪಾಯಿತು ಅಂದೆ. ಪ್ರತಿ ಸಾಲನ್ನೂ ಮೇಲಿನವರು ಓದಿದರೆ ಹೇಗೆ ಅಂತ ಒಮ್ಮೆ ಓದಿ ನೋಡಿ.

ಸಾಲುಗಳ ಮೊದಲು ನನ್ನದೇ ಒಂದು ತಪ್ಪು ಹಾಕಿದೆ. ಇದಕ್ಕೆ ಮನೆಯಲ್ಲಿ ಎಲ್ಲರೂ ವಿರೋಧ. ಹೋಗುವಾಗ ಯಾಕೆ ಮರ್ಯಾದೆ ಕಳಕೊಳ್ತೀರಿ ಅಂದರು. 1994ರಲ್ಲಿ ಒಬ್ಬ ಬೆಳೆಗಾರರ ಚೀಲ 64 ಕೆಜಿ ತೂಗಿತ್ತು, ನಾನು 46 ಅಂತ ಬರೆದೆ. ಹದಿನೆಂಟು ಕೆಜಿ ಹೋಯಿತು. ಅವರು ಪಟ್ಟಿ ನೋಡಿ ಏನೂ ಹೇಳದೆ ಹೋದರು. ತಿಂಗಳ ಕೊನೆಗೆ ಗೋದಾಮಿನಲ್ಲಿ ದಾಸ್ತಾನು ಜಾಸ್ತಿ ಬಂದಾಗ ಹಿಂದಕ್ಕೆ ಹುಡುಕುತ್ತಾ ಹೋಗಿ ಸಿಕ್ಕಿತು. ಆ ಲಾಟು ಆಗಲೇ ಮಾರಾಟ ಆಗಿತ್ತು. ಸಾವಿರಕ್ಕೆ ಸ್ವಲ್ಪ ಮೇಲೆ ಆಗುತ್ತಿತ್ತು, ನನ್ನ ಮುಕ್ಕಾಲು ತಿಂಗಳ ಸಂಬಳ. ಕೈಯಿಂದ ಕೊಡೋಕೆ ಅವರ ಮನೆಗೆ ಹೋದೆ. "ನನಗೆ ಅವತ್ತೇ ಗೊತ್ತಿತ್ತು, ನೀವು ಬರ್ತೀರಾ ನೋಡೋಣ ಅಂತ ಸುಮ್ನಿದ್ದೆ" ಅಂದರು. ಅಂದಿನಿಂದ ನಾನು ತೂಕವನ್ನು ಅಂಕಿಯಲ್ಲಿ ಬರೆದ ಮೇಲೆ ಬಾಯಲ್ಲಿ ಜೋರಾಗಿ ಹೇಳುತ್ತೇನೆ, ಚೀಲ ಹಿಡಿದವರು ಹೂಂ ಅನ್ನಬೇಕು. ನಮ್ಮಲ್ಲಿ ಈಗಲೂ ಹಾಗೇ ನಡೆಯುತ್ತದೆ. ಯಾಕೆ ಅಂತ ಹೊಸಬರಿಗೆ ಗೊತ್ತಿರಲಿಲ್ಲ, ಪತ್ರದಿಂದ ಗೊತ್ತಾಯಿತು.

ಸಾಲುಗಳ ನಂತರ ಗೋದಾಮಿನ ವಿಷಯ. ಇದು ವಿದಾಯ ಪತ್ರದಲ್ಲಿ ಬರುವಂಥದ್ದಲ್ಲ ಅಂತ ಮ್ಯಾನೇಜರ್ ಹೇಳಿದ್ದರು. ನಾನು ಹಾಕಿದೆ. ಎರಡನೇ ಗೋದಾಮಿನ ಪೂರ್ವದ ಗೋಡೆ ಪುಷ್ಯ ಮಳೆಯಲ್ಲಿ ಬೆವರುತ್ತದೆ. ಸೋರುವುದಲ್ಲ, ಬೆವರುವುದು. ನೋಡಿದರೆ ಗೊತ್ತಾಗುವುದಿಲ್ಲ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಂಗೈ ಇಟ್ಟರೆ ಗೊತ್ತಾಗುತ್ತದೆ. ಅಲ್ಲಿ ಚೀಲವನ್ನು ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಕೆಳಗೆ ಹಲಗೆ ಹಾಕಿ ಇಡಬೇಕು. ಇಲ್ಲದಿದ್ದರೆ ಗೋಡೆ ಕಡೆಯ ಸಾಲಿಗೆ ಬೂಸ್ಟು ಹಿಡಿದು ಬಣ್ಣ ಹೋಗುತ್ತದೆ, ರಾಶಿ ಇಡಿಯ ದರ ಕೈ ತಪ್ಪುತ್ತದೆ. ಮತ್ತೆ, ಮಳೆಗಾಲದಲ್ಲಿ ತೂಕ ಏರಿತು ಅಂತ ಯಾರೂ ಖುಷಿ ಪಡಬೇಡಿ. ಅಡಿಕೆ ಗಾಳಿಯ ತೇವ ಕುಡಿದಿರುತ್ತದೆ, ಬೇಸಿಗೆಯಲ್ಲಿ ಅಷ್ಟೇ ವಾಪಸ್ ಬಿಡುತ್ತದೆ. ಆಗ ದಾಸ್ತಾನು ಕಮ್ಮಿ ಅಂತ ಹಮಾಲರ ಮೇಲೆ ಅನುಮಾನ ಪಡುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಒಂದು ಸಲ ನಾನೇ ಪಟ್ಟಿದ್ದೇನೆ.

ಬೀರುವಿನ ಕೀಲಿ, ಕಂಪ್ಯೂಟರ್ ಪಾಸ್‌ವರ್ಡ್, ಸದಸ್ಯರ ಸಾಲದ ಮಾತು ಇವೆಲ್ಲ ಪತ್ರಕ್ಕೆ ಬರಬಾರದು. ಅವು ಚಾರ್ಜ್ ಕೊಡುವ ಪಟ್ಟಿಗೆ ಸೇರಿದ್ದು, ಸಹಿ ಹಾಕಿ ಒಬ್ಬರ ಕೈಗೆ ಕೊಡುವುದು. ಯಾರ ಕೈಗೆ ಸಿಕ್ಕರೂ ತೊಂದರೆ ಇಲ್ಲದ, ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಮಾತ್ರ ಪತ್ರಕ್ಕೆ.

ಒಟ್ಟು ಎರಡು ಬದಿ ಆಯಿತು. ಜೋರಾಗಿ ಓದಿದರೆ ಏಳು ನಿಮಿಷ. ಇದು ಮುಖ್ಯ, ಯಾಕೆ ಅಂದರೆ ನಮ್ಮಲ್ಲಿ ಓದು ಬಾರದವರು ಇದ್ದಾರೆ. ಮೂರು ಜನರ ಹತ್ತಿರ ಬೇರೆ ಬೇರೆಯಾಗಿ ಜೋರಾಗಿ ಓದಿಸಿದೆ, ನಾನು ಪೆನ್ಸಿಲ್ ಹಿಡಿದು ಎದುರು ಕೂತೆ. ಎಲ್ಲಿ ತಡವರಿಸಿದರೋ ಅಲ್ಲಿ ಗೀಟು. ಮೂವರೂ ತಡವರಿಸಿದ ಕಡೆ ಓದುವವರ ತಪ್ಪಿಲ್ಲ, ನನ್ನ ವಾಕ್ಯದ ತಪ್ಪು.

ಆಮೇಲೆ ಛಾಪಿಸುವ ಗೋಳು. ನನಗೆ ಬರುವುದು ಹಳೇ ನುಡಿ ತಂತ್ರಾಂಶದ ಟೈಪಿಂಗ್. ಆಫೀಸಿನ ಕಂಪ್ಯೂಟರಲ್ಲಿ ಊಟದ ಹೊತ್ತಲ್ಲಿ ಟೈಪ್ ಮಾಡಿದೆ. ಮೊದಲ ಅರ್ಧ ಪುಟವನ್ನು ಮಗಳಿಗೆ ವಾಟ್ಸಾಪಲ್ಲಿ ಕಳಿಸಿದರೆ ಕನ್ನಡ ಅನ್ನುವ ಪದ ಅವಳಿಗೆ `PÀ£ÀßqÀ` ಅಂತ ಕಂಡಿತು. ಅಪ್ಪಾ, ಇದೇನು ಮಂತ್ರವಾ ಅಂದಳು. ಹಳೇ ನುಡಿಯ ಅಕ್ಷರ ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುವುದು, ನಿಮಗೆ ಗೊತ್ತಿರುವುದೇ. ಯೂನಿಕೋಡಿಗೆ ಪರಿವರ್ತಿಸಿ ಪೇಟೆಯ ಡಿಟಿಪಿ ಅಂಗಡಿಗೆ ಕೊಟ್ಟೆ. ಅವಸರದಲ್ಲಿ ಮೊದಲ ಪುಟ ಮಾತ್ರ ನೋಡಿ 230 ಪ್ರತಿ ಹೊಡೆಸಿದೆ. ಮನೆಗೆ ತಂದು ಹಿಂದಿನ ಬದಿ ನೋಡಿದರೆ ಅರ್ಕಾವತ್ತುಗಳೆಲ್ಲ ಹಾರಿಹೋಗಿವೆ. ವರ್ಷ ಹೋಗಿ ವಷ ಆಗಿದೆ. ಕಾರ್ಯದರ್ಶಿಯವರು ಕಾಯದಶಿ ಆಗಿದ್ದಾರೆ. ಅಷ್ಟೂ ರದ್ದಿಗೆ ಹೋಯಿತು. ಸಾವಿರದ ಹತ್ತಿರ ದುಡ್ಡು.

ಎರಡನೇ ಸಲ ಮಗಳು ಫೋನಲ್ಲೇ ಮೊದಲಿಂದ ಟೈಪ್ ಮಾಡಿದಳು. ಒಂದೇ ಪ್ರತಿ ತೆಗೆಸಿ, ಅಂಗಡಿ ಮೆಟ್ಟಿಲ ಮೇಲೆ ಕೂತು ಕೊನೆಯ ಸಾಲಿಂದ ಮೇಲಕ್ಕೆ ಓದಿದೆ. ಹಾಗೆ ಓದಿದರೆ ಅರ್ಥದ ಹಿಂದೆ ಮನಸ್ಸು ಓಡುವುದಿಲ್ಲ, ತಪ್ಪು ಕಾಣುತ್ತದೆ. ತೆಳ್ಳಗಿನ ಸಾದಾ ಕಾಗದ, ಕಪ್ಪು ಅಕ್ಷರ, ಫೋಟೋ ಇಲ್ಲ. ಸಂಘದ ಲೆಟರ್‌ಹೆಡ್ ಬಳಸಲಿಲ್ಲ, ಅದು ನನ್ನ ಸ್ವಂತ ಪತ್ರ. ಹಾಳಾದದ್ದೂ ಸೇರಿ ಒಟ್ಟು ಖರ್ಚು ಎರಡೂವರೆ ಸಾವಿರದ ಆಚೀಚೆ. ಆ ಬಣ್ಣದ ಅಂಚಿನವರಿಗೆ ಇದರ ನಾಲ್ಕು ಪಟ್ಟು ಆಗಿತ್ತಂತೆ, ವಿಚಾರಿಸಿದ್ದೇನೆ.

ಹಂಚಿದ್ದು ಬೀಳ್ಕೊಡುಗೆ ದಿನ ಅಲ್ಲ. ಮೇ 31 ಶನಿವಾರ. ನಾನು ಬುಧವಾರ ಬೆಳಿಗ್ಗೆ ಹನ್ನೊಂದರ ಕಾಫಿ ಹೊತ್ತಿಗೆ ಕೊಟ್ಟೆ. ಕೊನೆಯ ದಿನ ಕೊಟ್ಟರೆ ಜನ ಏನಾದರೂ ಕೇಳೋಕೆ ನೀವೇ ಇರುವುದಿಲ್ಲ. ಮೇಲಾಗಿ ತಿಂಡಿ ತಟ್ಟೆ ಪಕ್ಕದಲ್ಲಿ ಇರುತ್ತದೆ, ಅದರ ಅಪಾಯ ನನಗೆ ಗೊತ್ತು. ಶಾಖೆಗಳಿಗೆ ಮಂಗಳವಾರವೇ ಜೀಪಲ್ಲಿ ಹೋಗಿತ್ತು. ಗ್ರೂಪಿಗೆ ಹಾಕಿದ್ದು ಸಂಜೆ, ಕಾಗದ ಎಲ್ಲರ ಕೈ ಸೇರಿದ ಮೇಲೆ. ಮೊದಲೇ ಹಾಕಿದ್ದರೆ ನಾಲ್ಕು ಹೂವಿನ ಚಿತ್ರ ಬಂದು ಅಲ್ಲಿಗೆ ಮುಗಿಯುತ್ತಿತ್ತು.

ಮಧ್ಯಾಹ್ನ ಎರಡನೇ ಗೋದಾಮಿನಲ್ಲಿ ಹಮಾಲರಿಗೆ ನಾನೇ ಓದೋಣ ಅಂತ ಹೋದೆ. ಆದರೆ ಆಗಲೇ ಮೈಲುತುತ್ತದ ಲೆಕ್ಕ ನೋಡುವ ಹುಡುಗಿ ಚೀಲದ ಮೇಲೆ ಕೂತು ಓದುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತೆ. ದಾರದ ಸಾಲು ಬಂದಾಗ ಒಳಗೆ ಗದ್ದಲ ಎದ್ದಿತು, ಯಾರನ್ನೋ ತಮಾಷೆ ಮಾಡುತ್ತಿದ್ದರು. 46 ಕೆಜಿ ಸಾಲಿಗೆ ಮಾತ್ರ ಯಾರೂ ನಗಲಿಲ್ಲ. ಆ ಸಂಜೆ ಮ್ಯಾನೇಜರ್ ಬಂದು ಇನ್ನೊಂದು ಪ್ರತಿ ಕೇಳಿದರು, ಮನೆಯವರಿಗೆ ಅಂತೆ. ನಾನು ಕೈ ಮುಗಿಯೋ ಚಿತ್ರ ಕಳಿಸಲಾ ಅಂತ ಕೇಳಿದೆ.

ಜುಲೈ ಕೊನೆಗೆ ಗೋದಾಮಿನ ಹೊಸ ಹುಡುಗ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದ. "ಸಾರ್, ಗೋಡೆ ಬೆವರ್ತಾ ಇದೆ, ಕೈ ಇಟ್ಟು ನೋಡ್ದೆ." ಚೀಲ ಸರಿಸಿದಿರಾ ಅಂದೆ. ನಿನ್ನೆಯೇ ಸರಿಸಿದ್ದಾರಂತೆ, ಸುಮ್ನೆ ಹೇಳೋಣ ಅಂತ ಮಾಡಿದ್ದಂತೆ.

ಒಂದೇ ಒಂದು ತಕರಾರು ಇನ್ನೂ ಮುಗಿದಿಲ್ಲ. ಪತ್ರದಲ್ಲಿ ಹದಿನೆಂಟನೇ ಸಾಲು ಹೀಗಿದೆ: "ಲಾರಿಯ ಟಾರ್ಪಾಲು ಹರಿದ ದಿನ, ತನ್ನ ಕಂಬಳಿ ಕೊಪ್ಪೆ ತೆಗೆದು ಚೀಲಕ್ಕೆ ಹೊದಿಸಿ ಮಳೆಯಲ್ಲಿ ನೆನೆದವರಿಗೆ." ಜೂನ್ ಮೊದಲ ವಾರ ಒಬ್ಬ ಹಮಾಲರು ಮನೆಗೆ ಬಂದರು. ಪತ್ರ ಮಡಚಿ ಪ್ಲಾಸ್ಟಿಕ್ಕಲ್ಲಿ ಸುತ್ತಿ ತಂದಿದ್ದರು. "ಇದ್ರಲ್ಲಿ ನಾನು ಇದ್ದೀನಂತೆ ಅಯ್ಯಾ, ಎಲ್ಲಿ ಅಂತ ತೋರ್ಸಿ." ನಾನು ಬೆರಳಿಟ್ಟು ತೋರಿಸಬೇಕಾದದ್ದು ದಾರದ ಸಾಲು, ಅವರು ಕೇಳಿದ್ದು ಕಂಬಳಿಯದ್ದು. ಕಾಫಿ ಕುಡಿದು ಹೋದರು. ಅದೇ ತಿಂಗಳು ಇನ್ನಿಬ್ಬರು ಬಂದರು, ಇಬ್ಬರದ್ದೂ ಕಂಬಳಿಯೇ. ಅವತ್ತು ತನಗೆ ಮೂರು ದಿನ ಜ್ವರ ಬಂದಿತ್ತು ಅಂತ ಒಬ್ಬರು ಸಾಕ್ಷಿ ಸಮೇತ ಹೇಳಿದರು. ನಾನು ಬರೆದದ್ದು ಈ ಮೂವರ ಬಗ್ಗೆಯೂ ಅಲ್ಲ. ಕಂಬಳಿ ಹೊದಿಸಿದವರು ತೀರಿಕೊಂಡು ಹನ್ನೆರಡು ವರ್ಷ ಆಯಿತು. ಮೂವರಿಗೂ ಹೂಂ ಅಂದಿದ್ದೇನೆ. ಈಗ ಮೂವರೂ ಒಟ್ಟಿಗೆ ಬರುತ್ತೇವೆ ಅಂತ ಹೇಳಿ ಕಳಿಸಿದ್ದಾರೆ, ಈ ಭಾನುವಾರ.